ಶನಿವಾರದ ವಿಮಾನ: ಮೊದಲ ಸಲ ಹತ್ತುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಕಾಶಿ ಯಾತ್ರೆಯ ಬಸ್ ಶನಿವಾರ ಬೆಳಿಗ್ಗೆ 4 ಗಂಟೆಗೆ ಕಲ್ಸಂಕದಿಂದ ಬಜ್ಪೆಗೆ ಹೊರಡುತ್ತದೆ. ಹೆದರಿಕೆಯೆಂದು ಕೆಲವರು ಕರೆ ಮಾಡಿದ್ದರಿಂದ ಈ ಮಾತು.

ನೆಲ ಬಿಟ್ಟ ಸ್ವಲ್ಪ ಹೊತ್ತಿಗೆ ಕಾಲಡಿಯಲ್ಲಿ ‘ದಡ್’ ಎನ್ನುತ್ತದೆ. ಚಕ್ರಗಳು ಒಳಗೆ ಮಡಚಿಕೊಂಡವು, ಅಷ್ಟೇ. ಬಳಿಕ ಎಂಜಿನ್ ಸದ್ದು ತಟ್ಟನೆ ತಗ್ಗಿ, ವಿಮಾನ ಕುಸಿದಂತೆ ಅನ್ನಿಸುತ್ತದೆ. ಹೆಚ್ಚಿನವರ ಎದೆ ಝಲ್ಲೆನ್ನುವುದು ಇಲ್ಲೇ. ನೆಲ ಬಿಡಲು ಬೇಕಾದಷ್ಟು ಶಕ್ತಿ ಮುಂದೆ ಬೇಡವೆಂದು ಅದನ್ನು ತಗ್ಗಿಸಿರುತ್ತಾರೆ. ವಿಮಾನ ಏರುತ್ತಲೇ ಇರುತ್ತದೆ.

ಘಟ್ಟದ ಮೇಲೆ, ಮೋಡದೊಳಗೆ ಗಾಳಿ ಮೇಲೆ ಕೆಳಗೆ ಹರಿಯುವುದರಿಂದ ವಿಮಾನ ಕುಲುಕಬಹುದು. ನೂರಾರು ಅಡಿ ಬಿದ್ದಂತೆ ಅನ್ನಿಸಿದರೂ ಸಾಮಾನ್ಯವಾಗಿ ಎತ್ತರ ಬದಲಾಗುವುದು ಕೆಲವೇ ಅಡಿ. ರೆಕ್ಕೆ ಬಾಗಿದರೆ ಗಾಬರಿ ಬೇಡ, ಬಾಗುವಂತೆಯೇ ಅದನ್ನು ಕಟ್ಟಿರುತ್ತಾರೆ. ಪೆಟ್ಟಾಗುವುದು ಬೆಲ್ಟ್ ಕಟ್ಟದವರಿಗೆ. ಆದ್ದರಿಂದ ಕುಳಿತಿರುವಷ್ಟು ಹೊತ್ತೂ ಕಟ್ಟಿಕೊಂಡಿರಿ.

ಇಳಿಯುವ ಮೊದಲು ಮತ್ತೆ ‘ದಡ್’, ಚಕ್ರ ಹೊರಬಂತು. ನೆಲ ಮುಟ್ಟಿದ ಮೇಲಿನ ಜೋರು ಮೊರೆತ ವೇಗ ತಗ್ಗಿಸಲು ಎಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸುವುದರದ್ದು. ಒದ್ದೆ ರನ್‌ವೇಯಲ್ಲಿ ಚಕ್ರ ಜಾರದಿರಲೆಂದು ಬೇಕೆಂದೇ ಗಟ್ಟಿಯಾಗಿ ಇಳಿಸುವುದುಂಟು. ಮಳೆಗಾಲದ ಬಜ್ಪೆಯಲ್ಲಿ ‘ಪೈಲಟ್ ಹೊಸಬ’ ಎಂದು ಗೊಣಗಬೇಡಿ.

ರೆಕ್ಕೆಯ ಹತ್ತಿರದ ಸೀಟಿನಲ್ಲಿ ಕುಲುಕಾಟ ಕಡಿಮೆ. ಬೇಕಾದವರು ಗುರುವಾರ ಸಂಜೆಯೊಳಗೆ ಇಲ್ಲಿಯೇ ಹೆಸರು ಬರೆಯಿರಿ.