ಮನೆ ದುರಸ್ತಿಗೆ ಎಫ್‌ಡಿ ಮುರಿಸುವ ಹಿರಿಯರಿಗೆ ದಂಡ ಬೇಡ

ಮಾನ್ಯ ಸಂಪಾದಕರೇ,

ಗದಗ, ಹಾವೇರಿ ಕಡೆ ಮಣ್ಣಿನ ಮೇಲ್ಮುದ್ದೆಯ ಹಳೆಯ ಮನೆಗಳು ಇನ್ನೂ ಇವೆ. ಮಳೆನೀರು ಇಳಿದು ಜಂತಿ ಕೊಳೆತರೆ ದುರಸ್ತಿಯನ್ನು ಮುಂದಿನ ವರ್ಷಕ್ಕೆ ತಳ್ಳಲಾಗದು. ಆಗ ವಯಸ್ಸಾದವರ ಕೈಗೆ ಸಿಗುವುದು ಬ್ಯಾಂಕಿನ ಎಫ್‌ಡಿ ಒಂದೇ. ಅವಧಿಗೆ ಮುಂಚೆ ಅದನ್ನು ಮುರಿಸಿದರೆ ಅಸಲಿನಲ್ಲೇ ಹಣ ಕಡಿಮೆ ಬರುತ್ತದೆ. ಏಕೆಂದು ಬಹಳ ಜನರಿಗೆ ಗೊತ್ತಿಲ್ಲ.

ಮೂರು ವರ್ಷಕ್ಕೆ ಶೇ 7.5ರ ಬಡ್ಡಿಯಲ್ಲಿ 6 ಲಕ್ಷ ರೂಪಾಯಿ ಇಟ್ಟು, ಮೂರು ತಿಂಗಳಿಗೊಮ್ಮೆ ಬಡ್ಡಿ ಪಡೆಯುತ್ತಿದ್ದಾರೆ ಎಂದುಕೊಳ್ಳೋಣ. ಎರಡು ವರ್ಷಕ್ಕೆ 90,000 ರೂಪಾಯಿ ಬಂದಿರುತ್ತದೆ. ಈಗ ಮುರಿಸಿದರೆ ಬ್ಯಾಂಕು ಶೇ 7.5 ಕೊಡುವುದಿಲ್ಲ. ಠೇವಣಿ ಇಟ್ಟ ದಿನ ಎರಡು ವರ್ಷದ ಅವಧಿಗೆ ಇದ್ದ ದರವನ್ನು ಹಿಡಿಯುತ್ತದೆ. ಅದು ಶೇ 7 ಇದ್ದು, ದಂಡವೆಂದು ಶೇ 1 ಕಳೆದರೆ ಉಳಿಯುವುದು ಶೇ 6, ಅಂದರೆ 72,000 ರೂಪಾಯಿ. ಹೆಚ್ಚಾಗಿ ಕೊಟ್ಟಿದ್ದ 18,000 ರೂಪಾಯಿಯನ್ನು ಅಸಲಿನಿಂದ ಮುರಿದುಕೊಂಡು ಕೈಗೆ 5,82,000 ರೂಪಾಯಿ ಕೊಡುತ್ತಾರೆ. ಇದರಲ್ಲಿ ದರದ ವ್ಯತ್ಯಾಸ 6,000 ರೂಪಾಯಿ. ಅದು ನ್ಯಾಯವೇ, ಅದನ್ನು ಬಿಡಿ ಎನ್ನುತ್ತಿಲ್ಲ. ಉಳಿದ 12,000 ರೂಪಾಯಿ ಬರೀ ದಂಡ. ಬಿಡಬೇಕಾದದ್ದು ಇದನ್ನು.

ಎಫ್‌ಡಿ ಮೇಲೆ ಸಾಲ ತೆಗೆದುಕೊಳ್ಳಿ ಎಂದು ಶಾಖೆಯವರು ಹೇಳುತ್ತಾರೆ. ಎರಡು ಲಕ್ಷ ಸಾಕಾಗುವುದಾದರೆ ಅದು ಸರಿಯಾದ ಸಲಹೆ. ಸಾಲದ ದರ ಸಾಮಾನ್ಯವಾಗಿ ಠೇವಣಿ ದರಕ್ಕಿಂತ ಶೇ 1 ಹೆಚ್ಚು, ಹಾಗಾಗಿ ವರ್ಷಕ್ಕೆ ಸುಮಾರು 2,000 ರೂಪಾಯಿಯಷ್ಟೇ ಹೊರೆ. ಆದರೆ ಮಾಳಿಗೆ ಪೂರ್ತಿ ಇಳಿಸಿ ಹೊಸ ಸ್ಲ್ಯಾಬ್ ಹಾಕಿಸುವಾಗ ಆರೂ ಲಕ್ಷ ಬೇಕಾಗಬಹುದು. ಸಾಲ ಶೇ 90ರಷ್ಟು ಕೊಟ್ಟರೂ 5.4 ಲಕ್ಷ. ಶೇ 8.5ರಂತೆ ಅದರ ವರ್ಷದ ಬಡ್ಡಿ 45,900 ರೂಪಾಯಿ, ಠೇವಣಿಯ ಬಡ್ಡಿ 45,000. ಬಡ್ಡಿಯೆಲ್ಲ ಸಾಲಕ್ಕೇ ಹೋಗಿ, 60,000 ರೂಪಾಯಿ ಬ್ಯಾಂಕಿನಲ್ಲೇ ಸಿಕ್ಕಿಕೊಳ್ಳುತ್ತದೆ. ಇಂಥವರಿಗೆ ಮುರಿಸದೆ ಬೇರೆ ದಾರಿಯಿಲ್ಲ.

ದಂಡ ಎಷ್ಟೆಂಬುದನ್ನು ರಿಸರ್ವ್ ಬ್ಯಾಂಕು ಆಯಾ ಬ್ಯಾಂಕಿಗೇ ಬಿಟ್ಟಿದೆ. ಠೇವಣಿ ಇಡುವಾಗಲೇ ಅದನ್ನು ತಿಳಿಸಬೇಕು ಎಂದಷ್ಟೇ ಹೇಳಿದೆ. ಠೇವಣಿದಾರರು ತೀರಿಕೊಂಡಾಗ ವಾರಸುದಾರರು ಮುರಿಸಿದರೆ ದಂಡ ಹಾಕಬಾರದೆಂಬ ನಿಯಮ ಈಗಾಗಲೇ ಇದೆ. ಬದುಕಿದ್ದು, ಸೂರು ಉಳಿಸಿಕೊಳ್ಳಲು ಕೇಳುವವರಿಗೂ ಆ ವಿನಾಯಿತಿ ಏಕೆ ಬೇಡ? ಶಾಖೆಯ ಮ್ಯಾನೇಜರನ್ನು ಬೈದು ಉಪಯೋಗವಿಲ್ಲ, ನಿಯಮ ಬದಲಾಗಬೇಕಾದದ್ದು ಬ್ಯಾಂಕಿನ ಆಡಳಿತ ಮಂಡಳಿಯಲ್ಲಿ. 60 ದಾಟಿದವರು ಎಂಜಿನಿಯರರ ಅಂದಾಜುಪಟ್ಟಿ ಮತ್ತು ಹಾಳಾದ ಭಾಗದ ಫೋಟೊ ಕೊಟ್ಟರೆ ದಂಡ ಬಿಡುವಂತೆ ಮಂಡಳಿಗಳು ಒಂದು ಸಾಲು ಸೇರಿಸಲಿ.

ಅಲ್ಲಿಯವರೆಗೆ ಸಹಿ ಹಾಕುವ ಮೊದಲು ದರದ ವ್ಯತ್ಯಾಸ ಎಷ್ಟು, ದಂಡ ಎಷ್ಟು ಎಂದು ಬೇರೆಬೇರೆಯಾಗಿ ಬರೆಸಿಕೊಳ್ಳಿ. ಜಂಟಿ ಠೇವಣಿಯಾದರೆ ಸಾಮಾನ್ಯವಾಗಿ ಇಬ್ಬರ ಸಹಿಯೂ ಬೇಕು. ತೆರಿಗೆ ಉಳಿತಾಯದ ಐದು ವರ್ಷದ ಎಫ್‌ಡಿಯನ್ನು ಅವಧಿಗೆ ಮುಂಚೆ ಮುರಿಸಲು ಬರುವುದಿಲ್ಲ, ಅದರ ಮೇಲೆ ಸಾಲವೂ ಸಿಗದು.

– ಒಬ್ಬ ಹಿರಿಯ ಠೇವಣಿದಾರ, ಗದಗ