ಯಂತ್ರ ಹೊಸದು, ತಾರೀಖು ಮೂರು

ಮಾನ್ಯ ಸಂಪಾದಕರೇ,

ನಮ್ಮ ಸ್ಟೇಷನ್ ಹತ್ತಿರದ ಹೆರಿಗೆ ಆಸ್ಪತ್ರೆಗೆ ಹೊಸ ಸೋನೋಗ್ರಫಿ ಯಂತ್ರ ಬಂದ ಸುದ್ದಿಯನ್ನು ಮೊನ್ನೆ ಫೋಟೋ ಸಮೇತ ಹಾಕಿದ್ದೀರಿ. ರಿಬ್ಬನ್ ಹಿಡಿದುಕೊಂಡವರೇ ಐದಾರು ಜನ. ನಿನ್ನೆ, ಆಗಸ್ಟ್ 22ರಂದು, ಅವರಲ್ಲಿ ಒಬ್ಬರಾದರೂ ಅಲ್ಲಿಗೆ ಬಂದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ.

ನಮ್ಮ ಚಾಳಿನ ಹುಡುಗಿಯೊಬ್ಬಳನ್ನು ಕರೆದುಕೊಂಡು ಹೋಗಿದ್ದೆ. ಕಲಬುರಗಿ ಕಡೆಯವಳು, ಚೊಚ್ಚಲ ಬಸುರಿ. ಗಂಡ ಸೈಟಿನಲ್ಲಿ ಕೆಲಸಕ್ಕೆ ಹೋಗುತ್ತಾನೆ, ರಜೆ ಹಾಕಿದರೆ ಪಗಾರ ಇಲ್ಲ. ಮಳೆಯಲ್ಲಿ ರಿಕ್ಷಾದವನು ಡಬಲ್ ಕೇಳಿದ. ಲಿಫ್ಟ್ ಬಂದ್. ಬಸುರಿಯರ ಆಸ್ಪತ್ರೆಯಲ್ಲಿ ಸೋನೋಗ್ರಫಿಯನ್ನು ಮೂರನೇ ಮಹಡಿಯಲ್ಲಿ ಇಟ್ಟ ಪುಣ್ಯಾತ್ಮ ಯಾರೋ. ಬೆಳಿಗ್ಗೆ ನಂಬರ್ ಹಚ್ಚಿದವರಿಗೆ ಕಾಗದ ಸಿಕ್ಕಿದ್ದು ಊಟದ ಹೊತ್ತು ಮೀರಿದ ಮೇಲೆ. ಅಷ್ಟರಲ್ಲಿ ನನ್ನ ಮಂಡಿ ನನ್ನದಾಗಿರಲಿಲ್ಲ.

ಖಿಡಕಿಯಲ್ಲಿ ಕಾಗದ ಕೊಟ್ಟ ಹೆಂಗಸು ಅವಳ ಕಾರ್ಡಿನಲ್ಲಿ ಹೆರಿಗೆಯ ಹಳೆಯ ತಾರೀಖು ಹೊಡೆದುಹಾಕಿ ನವೆಂಬರ್ 8 ಎಂದು ಬರೆದಳು. ತಾರೀಖು ಮುಂದೆ ಹೋಯಿತು ಎಂದು ಮರಾಠಿಯಲ್ಲಿ 'ಡೇಟ್ ಪುಢೇ ಗೇಲಿ' ಅಂದಳು, ಮುಂದಿನವರನ್ನು ಕರೆದಳು. ಏಕೆ ಎಂದು ಕೇಳಿದರೆ 'ಮ್ಯಾಡಮ್‌ಲಾ ವಿಚಾರಾ', ಮ್ಯಾಡಮ್ ಅವರನ್ನು ಕೇಳಿ ಅಂದಳು. ಮ್ಯಾಡಮ್ ಹೊರಟು ಹೋಗಿದ್ದರು. ಹುಡುಗಿ ಮೆಟ್ಟಿಲ ಮೇಲೆ ಕೂತು ಅಳತೊಡಗಿದಳು. 'ಆಂಟಿ, ಕೂಸಿಗೆ ಏನರ ಆಗ್ಯಾದೇನ್ರಿ? ಮೂರು ತಾರೀಖು ಯಾಕ್ ಬರದಾರ?'

ನಾನು ಬಹಳ ವರ್ಷ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸ್ ಆಗಿದ್ದವಳು. ಹಾಗಾಗಿ ಖಿಡಕಿಯಲ್ಲಿ ಸಂಬಳ ತೆಗೆದುಕೊಳ್ಳುವವರು ಮಾಡಬೇಕಾದ ಕೆಲಸವನ್ನು ನಾನು ಮೆಟ್ಟಿಲ ಮೇಲೆ ಪುಕ್ಕಟೆ ಮಾಡಿದೆ. ನಿಮ್ಮ ಓದುಗರ ಮನೆಯಲ್ಲೂ ಇಂಥ ಕಾಗದ ಇರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಇವಳಿಗೆ ಕೊನೆಯ ಮುಟ್ಟು ಶುರುವಾದದ್ದು ಜನವರಿ 10. ಅದಕ್ಕೆ 280 ದಿನ, ಅಂದರೆ 40 ವಾರ ಸೇರಿಸಿದರೆ ಅಕ್ಟೋಬರ್ 17. ಇದು ಮೊದಲ ತಾರೀಖು. ಕಾಗದದಲ್ಲಿ 'ಎಲ್‌ಎಂಪಿ ಪ್ರಕಾರ ಇಡಿಡಿ' ಎಂದು ಇರುವುದು, ಅಂದರೆ ಕೊನೆಯ ಮುಟ್ಟಿನಿಂದ ಎಣಿಸಿದ ಹೆರಿಗೆಯ ತಾರೀಖು, ಇದೇ. ಈ ಲೆಕ್ಕ ಸರಿಯಾಗಬೇಕಾದರೆ ಮುಟ್ಟು 28 ದಿನಕ್ಕೊಮ್ಮೆ ಬರುತ್ತಿರಬೇಕು. ಇವಳಿಗೆ ಬರುವುದು 36-37 ದಿನಕ್ಕೆ. ಗರ್ಭ ನಿಂತದ್ದೇ ಒಂದು ವಾರಕ್ಕಿಂತ ಜಾಸ್ತಿ ತಡವಾಗಿ. ಇದನ್ನು ಯಾರೂ ಅವಳಿಗೆ ಕೇಳಿಯೇ ಇಲ್ಲ!

ಎರಡನೆಯದು ಮಾರ್ಚ್ 21ರ ಮೊದಲ ಸ್ಕ್ಯಾನಿನದು. ಮುಟ್ಟಿನ ಲೆಕ್ಕದಲ್ಲಿ ಆ ದಿನ ಸರಿಯಾಗಿ 10 ವಾರ. ಸ್ಕ್ಯಾನ್ ಹೇಳಿದ್ದು 8 ವಾರ 5 ದಿನ. ಅಲ್ಲಿ ಅಳೆಯುವುದು ಸಿಆರ್‌ಎಲ್, ಅಂದರೆ ಕೂಸಿನ ತಲೆಯಿಂದ ಕುಂಡೆಯವರೆಗಿನ ಉದ್ದ. ಆ ವಯಸ್ಸಿನಲ್ಲಿ ಬಡವರ ಕೂಸು, ಸಾಹುಕಾರರ ಕೂಸು ಎಲ್ಲ ಹೆಚ್ಚುಕಮ್ಮಿ ಒಂದೇ ವೇಗದಲ್ಲಿ ಬೆಳೆಯುತ್ತವೆ. ಅದಕ್ಕೇ ಆಗಿನ ಲೆಕ್ಕ ತಪ್ಪಿದರೂ ಐದಾರು ದಿನ, ಹೆಚ್ಚೆಂದರೆ ಒಂದು ವಾರ. ಇಲ್ಲಿ 9 ದಿನದ ವ್ಯತ್ಯಾಸ ಇತ್ತು, ಅವಳ ಮುಟ್ಟಿನ ಅಂತರಕ್ಕೂ ಅದು ತಾಳೆಯಾಗುತ್ತಿತ್ತು. ಹಾಗಾಗಿ ಆಗಿನ ಡಾಕ್ಟರು ಅಕ್ಟೋಬರ್ 26 ಎಂದು ಬರೆದಿದ್ದರು. ಸರಿಯಾಗಿಯೇ ಬರೆದಿದ್ದರು. ತಾರೀಖು ಅಲ್ಲಿಗೆ ಮುಗಿಯಿತು. ಆಮೇಲಿನ ಸ್ಕ್ಯಾನ್ ನೋಡಿ ಅದನ್ನು ಬದಲಿಸುವುದಿಲ್ಲ.

ಹಾಗಾದರೆ ನಿನ್ನೆಯ ನವೆಂಬರ್ 8 ಎಲ್ಲಿಂದ ಬಂತು? ಯಂತ್ರದಿಂದ. ಕೂಸಿನ ತಲೆ, ಹೊಟ್ಟೆ, ತೊಡೆ ಮೂಳೆ ಅಳೆದು, ಇಷ್ಟು ಅಳತೆ ಸಾಮಾನ್ಯವಾಗಿ ಎಷ್ಟು ವಾರದ ಕೂಸಿಗೆ ಇರುತ್ತದೆ ಎಂದು ಅದು ಸರಾಸರಿ ತೆಗೆಯುತ್ತದೆ. ನಿನ್ನೆ ಬಂದದ್ದು 28 ವಾರ 6 ದಿನ. ಅದರಿಂದ ಯಂತ್ರ ತಾನೇ ಒಂದು ತಾರೀಖು ಮುದ್ರಿಸುತ್ತದೆ. ಆದರೆ ಏಳು ತಿಂಗಳ ಹೊತ್ತಿಗೆ ಒಂದೊಂದು ಕೂಸು ಒಂದೊಂದು ಥರ ಬೆಳೆದಿರುತ್ತದೆ. ತಾಯಿಯ ಊಟ, ಬಿಪಿ, ಮನೆತನದ ಮೈಕಟ್ಟು, ಎಲ್ಲ ಸೇರುತ್ತದೆ. ಆಗಿನ ಲೆಕ್ಕ ಮೂರು ವಾರದವರೆಗೂ ಆಚೀಚೆ ಆಗಬಹುದು.

ಮಾರ್ಚಿನ ಲೆಕ್ಕ ಹಿಡಿದರೆ ನಿನ್ನೆಗೆ ಅವಳಿಗೆ 30 ವಾರ 5 ದಿನ. ಕಾಗದದಲ್ಲಿ ಕೂಸಿನ ತೂಕ 1,280 ಗ್ರಾಂ. ಆ ವಾರಕ್ಕೆ ಒಂದೂವರೆ ಕಿಲೋಗಿಂತ ಸ್ವಲ್ಪ ಮೇಲಿರುವುದು ವಾಡಿಕೆ. ಎಸಿ ಎಂದು ಬರೆದ ಹೊಟ್ಟೆಯ ಸುತ್ತಳತೆಯೂ ಕಡಿಮೆ, ತಲೆ ಮಾತ್ರ ಪರವಾಗಿಲ್ಲ. ಅಂದರೆ ಕೂಸು ಚಿಕ್ಕದಿರಬಹುದು, ಸರಿಯಾಗಿ ಬೆಳೆಯುತ್ತಿದೆಯೇ ಎಂದು ನೋಡಬೇಕು. ಸ್ಕ್ಯಾನಿನ ತೂಕ ನೂರಕ್ಕೆ ಹತ್ತು-ಹದಿನೈದು ಪಾಲು ತಪ್ಪುವುದುಂಟು, ಆದ್ದರಿಂದ ಹೆದರುವ ಮಾತಲ್ಲ, ಹಾಗೆಂದು ಬಿಡುವ ಮಾತೂ ಅಲ್ಲ. ಆದರೆ ಖಿಡಕಿಯ ಹೆಂಗಸು ತಾರೀಖನ್ನೇ ಮುಂದಕ್ಕೆ ಎಳೆದುಬಿಟ್ಟಳಲ್ಲ, ಆಗ ಏನಾಗುತ್ತದೆ ಗೊತ್ತಾ? 29 ವಾರದ ಕೂಸಿಗೆ ಇಷ್ಟು ತೂಕ ಸರಿ ಎಂದು ಕಾಣುತ್ತದೆ. ತೊಂದರೆ ಇದ್ದರೂ ಕಾಗದದ ಮೇಲೆ ಮಾಯ! ಅಂಗಿ ಬಿಗಿಯಾಯಿತೆಂದು ಅಳತೆ ಟೇಪನ್ನೇ ಎಳೆದ ಹಾಗೆ.

ಸಂಜೆ ಅವಳನ್ನು ಪರಿಚಯದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಕಾಗದ ನೋಡಿದವರೇ ಅಕ್ಟೋಬರ್ 26ನ್ನೇ ಮತ್ತೆ ಬರೆದರು. ಬಿಪಿ ನೋಡಿದರು, ಕೂಸಿಗೆ ಹೋಗುವ ರಕ್ತ ಹೇಗಿದೆ ಎಂದು ತಿಳಿಯಲು ಡಾಪ್ಲರ್ ಬರೆದುಕೊಟ್ಟರು, ಎರಡು ವಾರ ಬಿಟ್ಟು ಮತ್ತೆ ಅಳತೆ ಮಾಡಿಸಲು ಹೇಳಿದರು. ಕೂಸಿನ ಮಿಸುಕಾಟ ಕಡಿಮೆಯಾದರೆ ಆ ಎರಡು ವಾರ ಕಾಯದೆ ಕೂಡಲೇ ಬರಬೇಕೆಂದರು. 26ಕ್ಕೇ ಹೆರಿಗೆ ಆಗುತ್ತದೆ ಎಂದೂ ಅಲ್ಲ. ಹೇಳಿದ ದಿನವೇ ಹುಟ್ಟುವುದು ನೂರಕ್ಕೆ ನಾಲ್ಕೈದು ಕೂಸು. ಇಷ್ಟು ಹೇಳಲು ಅವರಿಗೆ ಬೇಕಾದದ್ದು ಒಂದು ಕಪ್ ಚಹಾದ ಹೊತ್ತು. ಫೀಸು ಕೊಟ್ಟದ್ದು ಮಾತ್ರ ಆ ಹುಡುಗಿ. ಪುಕ್ಕಟೆ ಆಸ್ಪತ್ರೆಗೆ ಹೋಗಿ ಬಂದ ಖರ್ಚು ಇದು.

ಗಂಡೋ ಹೆಣ್ಣೋ ಹೇಳಬಾರದು ಎಂದು 1994ರಿಂದ ಕಾನೂನು ಇದೆ. ಒಳ್ಳೆಯದೇ. ಅದರ ಬೋರ್ಡು ಗೋಡೆಗೋಡೆಗೂ ಇದೆ. ವಾರ ಎಷ್ಟು ಎಂದು ಹೇಳಬಾರದು ಎನ್ನುವ ಕಾನೂನು ಯಾವಾಗ ಬಂತು ಸ್ವಾಮಿ? ಮರಾಠಿ ಬಾರದಿದ್ದರೆ ಅದು ಅವಳ ತಪ್ಪು ಅನ್ನುತ್ತೀರಾ? ಈ ಊರಿನ ಕಟ್ಟಡ ಕಟ್ಟಲು ಅವಳ ಗಂಡನಿಗೆ ಯಾವ ಭಾಷೆಯೂ ಅಡ್ಡ ಬರಲಿಲ್ಲ, ಅಲ್ವಾ?

ಆ ರಿಬ್ಬನ್ ಹಿಡಿದ ಸಾಹೇಬರೇ ಹೋದ ವರ್ಷ ನಮ್ಮ ಗಲ್ಲಿಯ ನಾಲೆ ಸ್ವಚ್ಛ ಮಾಡಿಸುತ್ತೇನೆ ಎಂದಿದ್ದರು. ಈ ಮಳೆಗಾಲದಲ್ಲೂ ನೀರು ಹೊಸ್ತಿಲು ದಾಟಿ ಬಂತು. ನೀರಿನ ಟ್ಯಾಂಕರ್ ಬಗ್ಗೆ ಅರ್ಜಿ ಕೊಟ್ಟರೆ ಮತ್ತೊಂದು ಅರ್ಜಿ ಕೊಡಿ ಅಂದರು. ವಾರ್ಡ್ ಆಫೀಸಿನಲ್ಲಿ ಫ್ಯಾನ್ ಕೆಳಗಿನ ಕುರ್ಚಿ ಮಾತ್ರ ಎಂದೂ ಖಾಲಿ ಇರುವುದಿಲ್ಲ, ಅದರಲ್ಲಿ ಕೂರಬೇಕಾದವರನ್ನು ಬಿಟ್ಟು ಬೇರೆ ಯಾರಾದರೂ ಕೂತಿರುತ್ತಾರೆ.

ಆ ಖಿಡಕಿಯಲ್ಲಿ ಕನ್ನಡವೋ ಹಿಂದಿಯೋ ಬಲ್ಲ ಒಬ್ಬ ನರ್ಸನ್ನು ಕೂರಿಸಿ. ಆಗದಿದ್ದರೆ ಯಂತ್ರ ಮುದ್ರಿಸಿದ ತಾರೀಖನ್ನು ಕಾರ್ಡಿಗೆ ಬರೆಯುವುದನ್ನಾದರೂ ನಿಲ್ಲಿಸಿ. ಲಿಫ್ಟೂ ರಿಪೇರಿ ಮಾಡಿಸಿ, ನಾಲೆಯೂ. ಇದು ಯಾವುದೂ ಆಗುವುದಿಲ್ಲ ಎಂದು ನನಗೆ ಗೊತ್ತು, ಆದ್ದರಿಂದ ರಿಬ್ಬನ್ ಕತ್ತರಿಸಿದವರೆಲ್ಲ ಒಂದು ದಿನ ಬಂದು ಆ ಮೂರು ಮಹಡಿ ಹತ್ತಲಿ. ನಾಚಿಕೆ ಎನ್ನುವುದು ಇದ್ದರೆ ಬರುತ್ತಾರೆ. ಇರಬೇಕಲ್ಲ!

ಇಂತಿ,
ನಿವೃತ್ತ ನರ್ಸ್, ಮುಂಬೈ