ವರದಿಯಲ್ಲಿ ಇನ್ನು ‘ಶೇಕಡಾ 99 ನಿಖರ’ ಎಂದು ಬರೆಯುವುದಿಲ್ಲ

ಮಾನ್ಯ ಗ್ರಾಹಕರೇ,

ಹಸ್ತಪ್ರತಿ ಮತ್ತು ಹಳೆಯ ಮುದ್ರಿತ ಪುಟಗಳನ್ನು ಟೈಪ್ ಮಾಡಿ ಒಪ್ಪಿಸುವಾಗ ಅದರೊಂದಿಗೆ ನಾವು ಒಂದು ವರದಿಯನ್ನೂ ಕೊಡುತ್ತೇವೆ. ಅದರಲ್ಲಿ ‘ನಿಖರತೆ’ ಎಂಬ ಒಂದೇ ಅಂಕಿ ಇರುತ್ತಿತ್ತು. ಮುಂದಿನ ತಿಂಗಳಿನಿಂದ ಆ ಜಾಗದಲ್ಲಿ ಅಕ್ಷರ ದೋಷ ಪ್ರಮಾಣ, ಪದ ದೋಷ ಪ್ರಮಾಣ ಎಂಬ ಎರಡು ಅಂಕಿಗಳು ಬರುತ್ತವೆ. ಎರಡನೆಯದನ್ನು ನೋಡಿ ಕೆಲವರಿಗೆ ಗಾಬರಿಯಾಗುವುದು ಖಂಡಿತ. ಹಾಗಾಗಿ ಈ ಪತ್ರ ಎಂದಿನದಕ್ಕಿಂತ ತುಸು ಉದ್ದವಾಗಿದೆ.

ಇಲ್ಲಿಯವರೆಗೆ ಕರಡು ತಿದ್ದುವವರು ಟೈಪ್ ಆದ ಪುಟವನ್ನು ಓದಿ, ಕಣ್ಣಿಗೆ ಬಿದ್ದ ತಪ್ಪುಗಳನ್ನು ಎಣಿಸಿ, ಶೇಕಡಾವಾರು ಬರೆಯುತ್ತಿದ್ದರು. ಈ ವೃತ್ತಿಯಲ್ಲಿ ಇದು ಬಹುಕಾಲದ ರೂಢಿ. ಆದರೆ ಚೆನ್ನಾಗಿ ಓದಬಲ್ಲವರ ಕಣ್ಣು ಪುಟದಲ್ಲಿ ಇರುವುದನ್ನು ಬಿಟ್ಟು ಇರಬೇಕಾದುದನ್ನು ಓದಿಬಿಡುತ್ತದೆ. ಒಂದು ಒತ್ತಕ್ಷರ ಬಿಟ್ಟುಹೋದರೂ ವಾಕ್ಯ ಸರಾಗವಾಗಿಯೇ ಸಾಗುತ್ತದೆ. ಅದಲ್ಲದೆ ಶೇಕಡಾ 99 ಎಂದರೆ ಯಾವುದರ 99? ಅಕ್ಷರಗಳದೋ, ಪದಗಳದೋ, ಸಾಲುಗಳದೋ? ಅದನ್ನು ಹೇಳದಿದ್ದರೆ ಇಬ್ಬರು ಗುತ್ತಿಗೆದಾರರು ಕೊಟ್ಟ 99ಗಳನ್ನು ಒಂದರ ಪಕ್ಕ ಒಂದಿಟ್ಟು ತೂಗಲು ಆಗುವುದಿಲ್ಲ.

ಹೊಸ ಕ್ರಮದಲ್ಲಿ ಅಳತೆಗೆ ಒಂದು ಆಧಾರ ಪಠ್ಯ ಇರುತ್ತದೆ. ಕೆಲಸದ ಪ್ರತಿ 100 ಪುಟಗಳಲ್ಲಿ 5ನ್ನು ಚೀಟಿ ಎತ್ತಿದಂತೆ ಆರಿಸುತ್ತೇವೆ. ಆ ಪುಟಗಳನ್ನು ಮೂಲ ಚಿತ್ರ ನೋಡಿಕೊಂಡು ಇಬ್ಬರು ಬೇರೆ ಬೇರೆಯಾಗಿ ಟೈಪ್ ಮಾಡುತ್ತಾರೆ. ಇಬ್ಬರ ಪ್ರತಿಗಳು ಬೇರೆಯಾದಲ್ಲೆಲ್ಲ ಮೂರನೆಯವರು ಚಿತ್ರವನ್ನೇ ನೋಡಿ ತೀರ್ಮಾನಿಸುತ್ತಾರೆ. ಈ ಮೂವರಲ್ಲಿ ಯಾರೂ ನಿಮ್ಮ ಕೆಲಸವನ್ನು ಟೈಪ್ ಮಾಡಿದವರಾಗಿರಬಾರದು. ಒಪ್ಪಿಸಿದ ಪ್ರತಿಯನ್ನೇ ತೆಗೆದುಕೊಂಡು ತಿದ್ದಿ ‘ಆಧಾರ’ ಎಂದು ಕರೆಯುವುದು ಅಗ್ಗದ ದಾರಿ, ಬೇಗವೂ ಆಗುತ್ತದೆ. ಆದರೆ ತಿದ್ದುವವರ ಕಣ್ಣಿಗೆ ತಪ್ಪಿದ್ದು ಆಧಾರದಲ್ಲೂ ಹಾಗೆಯೇ ಉಳಿದು, ದೋಷ ಪ್ರಮಾಣ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಆ ದಾರಿಯನ್ನು ನಾವು ಹಿಡಿಯುವುದಿಲ್ಲ.

ಆಧಾರ ಪಠ್ಯದಲ್ಲಿ ಮೂಲದ ಕಾಗುಣಿತ ಇದ್ದ ಹಾಗೆಯೇ ಇರುತ್ತದೆ. ಬರೆದವರು ‘ಹಾರ್ದಿಕ’ ಎಂಬುದನ್ನು ‘ಹಾರ್ಧಿಕ’ ಎಂದು ಬರೆದಿದ್ದರೆ ಆಧಾರದಲ್ಲೂ ‘ಹಾರ್ಧಿಕ’ವೇ. ಇಲ್ಲದಿದ್ದರೆ ನಿಷ್ಠೆಯಿಂದ ನಕಲಿಸಿದವರ ತಲೆಯ ಮೇಲೆ ದೋಷ ಬೀಳುತ್ತದೆ, ತಮ್ಮಷ್ಟಕ್ಕೆ ತಿದ್ದಿದವರಿಗೆ ಅಂಕ ಸಿಗುತ್ತದೆ.

ಆಧಾರ ಸಿದ್ಧವಾದ ಮೇಲೆ ಒಪ್ಪಿಸಿದ ಪ್ರತಿಯನ್ನು ಅದರ ಪಕ್ಕದಲ್ಲಿಟ್ಟು, ಒಂದನ್ನು ಇನ್ನೊಂದಾಗಿ ಮಾಡಲು ಕನಿಷ್ಠ ಎಷ್ಟು ತಿದ್ದುಪಡಿ ಬೇಕು ಎಂದು ಕಂಪ್ಯೂಟರ್ ಎಣಿಸುತ್ತದೆ. ತಿದ್ದುಪಡಿಗಳು ಮೂರೇ ಬಗೆ: ಒಂದರ ಬದಲು ಇನ್ನೊಂದು, ಬಿಟ್ಟುಹೋದದ್ದು, ಹೆಚ್ಚಾಗಿ ಸೇರಿದ್ದು. ಈ ಎಣಿಕೆಗೆ ಲೆವೆನ್‌ಸ್ಟೈನ್ ಅಂತರ ಎಂದು ಹೆಸರು; ಸೋವಿಯತ್ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಸ್ಟೈನ್ 1965ರಲ್ಲಿ ಇದನ್ನು ಮುಂದಿಟ್ಟರು. ಮೂರನ್ನೂ ಕೂಡಿಸಿ ಆಧಾರ ಪಠ್ಯದ ಒಟ್ಟು ಅಕ್ಷರಗಳಿಂದ ಭಾಗಿಸಿದರೆ ಅಕ್ಷರ ದೋಷ ಪ್ರಮಾಣ ಸಿಗುತ್ತದೆ. ಅದೇ ಲೆಕ್ಕವನ್ನು ಪದಗಳಲ್ಲಿ ಮಾಡಿದರೆ ಪದ ದೋಷ ಪ್ರಮಾಣ.

ಒಂದು ವಾಕ್ಯದಲ್ಲಿ ಇದನ್ನು ಮಾಡಿ ನೋಡೋಣ. ಆಧಾರದಲ್ಲಿ ‘ಹಳೆಯ ಮನೆಯ ಬಾಗಿಲು ತೆರೆದಿತ್ತು’ ಎಂದಿದೆ. ಟೈಪ್ ಆಗಿ ಬಂದದ್ದು ‘ಹಳೆಯ ಮನೆಯಬಾಗಿಲು ತೆರೆದಿತು’. ಒಂದು ಖಾಲಿ ಜಾಗ ಹೋಗಿದೆ, ಒಂದು ತ ಒತ್ತು ಹೋಗಿದೆ. ಕನ್ನಡವನ್ನು ಕಂಪ್ಯೂಟರ್ ಎಣಿಸುವುದು ಯೂನಿಕೋಡ್ ಚಿಹ್ನೆಗಳ ಲೆಕ್ಕದಲ್ಲಿ. ನಮಗೆ ‘ತ್ತು’ ಒಂದು ಅಕ್ಷರ. ಕಂಪ್ಯೂಟರಿಗೆ ತ, ಹಲಂತ ಚಿಹ್ನೆ, ಮತ್ತೊಂದು ತ, ಉಕಾರದ ಕೊಂಬು ಎಂದು ನಾಲ್ಕು. ಆ ಲೆಕ್ಕದಲ್ಲಿ ಆಧಾರ ವಾಕ್ಯ ಖಾಲಿ ಜಾಗಗಳೂ ಸೇರಿ 27 ಚಿಹ್ನೆಗಳದು. ಬಿಟ್ಟುಹೋದದ್ದು ಖಾಲಿ ಜಾಗ 1, ಒತ್ತಿನ ಚಿಹ್ನೆಗಳು 2, ಒಟ್ಟು 3. ಅಲ್ಲಿಗೆ ಅಕ್ಷರ ದೋಷ ಪ್ರಮಾಣ ಶೇಕಡಾ 11.1.

ಇನ್ನು ಪದಗಳು. ಆಧಾರದಲ್ಲಿ ಇರುವುದು ನಾಲ್ಕು. ‘ಮನೆಯಬಾಗಿಲು’ ಒಂದಾಗಿಬಿಟ್ಟಿದ್ದರಿಂದ ಒಂದು ಪದ ಬದಲಾಯಿತು, ಇನ್ನೊಂದು ಕಾಣೆಯಾಯಿತು. ‘ತೆರೆದಿತು’ ಮೂರನೆಯ ದೋಷ. ನಾಲ್ಕಕ್ಕೆ ಮೂರು, ಅಂದರೆ ಶೇಕಡಾ 75. ಅದೇ ವಾಕ್ಯ, ಅದೇ ಎರಡು ಕೈತಪ್ಪು, ಆದರೆ ಒಂದು ಅಂಕಿ 11, ಇನ್ನೊಂದು 75. ಖಾಲಿ ಜಾಗವೊಂದು ಬಿಟ್ಟುಹೋದರೆ ಅಕ್ಷರಗಳ ಲೆಕ್ಕದಲ್ಲಿ ಒಂದೇ ದೋಷ, ಪದಗಳ ಲೆಕ್ಕದಲ್ಲಿ ಎರಡು. ಈ ಅಂಶವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸ್ವತಃ ಪರೀಕ್ಷಿಸಿ ನೋಡಬೇಕೆನ್ನುವವರಿಗೆ ಪೈಥಾನ್‌ನಲ್ಲಿ jiwer ಎಂಬ ತಂತ್ರಾಂಶವನ್ನು ಮೊದಲು ಹಾಕಿಕೊಂಡರೆ ಇಷ್ಟು ಸಾಕು:

```python
import unicodedata, jiwer

def clean(s):
    s = unicodedata.normalize("NFC", s)
    return s.replace("\u200c", "").replace("\u200d", "")

ref = clean("ಹಳೆಯ ಮನೆಯ ಬಾಗಿಲು ತೆರೆದಿತ್ತು")
hyp = clean("ಹಳೆಯ ಮನೆಯಬಾಗಿಲು ತೆರೆದಿತು")
print(jiwer.cer(ref, hyp), jiwer.wer(ref, hyp))
```

ನಾವು ಓದುವ ರೀತಿಯಲ್ಲೇ, ‘ತ್ತು’ವನ್ನು ಒಂದೇ ಅಕ್ಷರವೆಂದು ಎಣಿಸಿದರೆ ಇದೇ ವಾಕ್ಯದಲ್ಲಿ 16ಕ್ಕೆ 2, ಶೇಕಡಾ 12.5 ಬರುತ್ತದೆ. ಎರಡು ಲೆಕ್ಕವೂ ಸರಿಯೇ. ಬೆರೆಸಿದರೆ ಮಾತ್ರ ತಪ್ಪು. ಪ್ರಚಲಿತ ತಂತ್ರಾಂಶಗಳು ಚಿಹ್ನೆಗಳನ್ನೇ ಎಣಿಸುವುದರಿಂದ ನಮ್ಮ ವರದಿಯೂ ಅದನ್ನೇ ಅನುಸರಿಸುತ್ತದೆ. ಯಾವ ಲೆಕ್ಕ ಎಂಬುದು ಅಂಕಿಯ ಕೆಳಗೇ ಬರೆದಿರುತ್ತದೆ.

ಎರಡು ಅಂಕಿ ಏಕೆ, ಒಂದು ಸಾಲದೇ ಎಂದು ಕೇಳಬಹುದು. ಮೂರು ಪುಟಗಳನ್ನು ಊಹಿಸಿಕೊಳ್ಳಿ. ಪ್ರತಿಯೊಂದರಲ್ಲೂ 1000 ಚಿಹ್ನೆ, 150 ಪದ, 10 ಅಕ್ಷರ ದೋಷ. ಮೂರರದ್ದೂ ಅಕ್ಷರ ದೋಷ ಪ್ರಮಾಣ ಶೇಕಡಾ 1. ಮೊದಲ ಪುಟದಲ್ಲಿ ಹತ್ತೂ ದೋಷಗಳು ಎರಡೇ ಪದಗಳಲ್ಲಿ ಗುಂಪಾಗಿವೆ. ಪದ ದೋಷ ಪ್ರಮಾಣ 1.3. ಅಲ್ಲಿ ಶಾಯಿ ಹರಡಿರಬೇಕು ಅಥವಾ ಹಾಳೆ ಹರಿದಿರಬೇಕು. ಆ ಜಾಗದ ಸ್ಪಷ್ಟ ಚಿತ್ರ ಸಿಕ್ಕರೆ ಕೆಲಸ ಮುಗಿಯಿತು. ಎರಡನೆಯದರಲ್ಲಿ ಅವು ಹತ್ತು ಬೇರೆ ಬೇರೆ ಪದಗಳಲ್ಲಿ ಚೆಲ್ಲಿವೆ, ಪ್ರಮಾಣ 6.7. ಇದು ಸಾಮಾನ್ಯವಾಗಿ ಹ್ರಸ್ವ ದೀರ್ಘಗಳ ಅಥವಾ ಅಲ್ಪಪ್ರಾಣ ಮಹಾಪ್ರಾಣಗಳ ಗೊಂದಲ, ಇಡೀ ಕಡತವನ್ನು ಮತ್ತೊಮ್ಮೆ ಓದಬೇಕಾಗುತ್ತದೆ. ಮೂರನೆಯದರಲ್ಲಿ ಅಲ್ಲಲ್ಲಿ ಹತ್ತು ಕಡೆ ಖಾಲಿ ಜಾಗ ಹೋಗಿದೆ, ಪ್ರಮಾಣ 13.3. ನೋಡಲು ಇದೇ ಅತ್ಯಂತ ಭಯಾನಕ ಅಂಕಿ, ಸರಿಪಡಿಸಲು ಇದೇ ಅತ್ಯಂತ ಸುಲಭ. ಒಂದೇ ಅಂಕಿ ಕೊಟ್ಟಿದ್ದರೆ ಈ ಮೂರು ಪುಟಗಳು ನಿಮಗೆ ಒಂದೇ ಥರ ಕಾಣುತ್ತಿದ್ದವು, ಅಥವಾ ಮೂರನೆಯದು ಕಾರಣವಿಲ್ಲದೆ ಬೈಗುಳ ತಿನ್ನುತ್ತಿತ್ತು.

ಪ್ರತ್ಯಯಗಳೂ ಸಂಧಿಯೂ ಸೇರಿ ಕನ್ನಡದ ಪದ ಉದ್ದವಾಗುತ್ತದೆ. ‘ಹೋಗಬೇಕಾಗಿರುವುದರಿಂದ’ ಎಂಬಲ್ಲಿ ಎಲ್ಲಿ ಒಂದು ಕೊಂಬು ತಪ್ಪಿದರೂ ಇಡೀ ಪದ ದೋಷದ ಲೆಕ್ಕಕ್ಕೆ ಹೋಗುತ್ತದೆ. ಆದ್ದರಿಂದ ಇಂಗ್ಲಿಷ್ ಕೆಲಸಕ್ಕೆ ಯಾರೋ ಕೊಟ್ಟ ಪದ ದೋಷ ಪ್ರಮಾಣದೊಂದಿಗೆ ಕನ್ನಡದ್ದನ್ನು ಹೋಲಿಸಬೇಡಿ. ಹಾಗೆಯೇ ಈ ಅಂಕಿಯನ್ನು 100ರಿಂದ ಕಳೆದು ‘ನಿಖರತೆ’ ಎಂದೂ ಬರೆದುಕೊಳ್ಳಬೇಡಿ. ಹೆಚ್ಚಾಗಿ ಸೇರಿದ ಪದಗಳೂ ದೋಷವೇ ಆದ್ದರಿಂದ ಪ್ರಮಾಣ 100ನ್ನು ದಾಟಬಹುದು. ಎರಡು ಪದಗಳ ಶೀರ್ಷಿಕೆಯ ಜೊತೆ ಪಕ್ಕದ ಟಿಪ್ಪಣಿಯ ಐದು ಪದಗಳೂ ಟೈಪ್ ಆಗಿದ್ದರೆ ಶೇಕಡಾ 250!

ಕಣ್ಣಿಗೆ ಕಾಣದ ಕೆಲವು ವ್ಯತ್ಯಾಸಗಳ ಬಗ್ಗೆಯೂ ಹೇಳಬೇಕು. ‘ೋ’ ಎಂಬುದನ್ನು ಒಂದೇ ಚಿಹ್ನೆಯಾಗಿಯೂ ಸಂಗ್ರಹಿಸಬಹುದು, ಎರಡು ಮೂರು ತುಂಡುಗಳಾಗಿಯೂ ಸಂಗ್ರಹಿಸಬಹುದು. ಪರದೆಯ ಮೇಲೆ ಎರಡೂ ಒಂದೇ. ಅಳೆಯುವ ಮೊದಲು ಎರಡೂ ಪ್ರತಿಗಳನ್ನು NFC ಎಂಬ ಒಂದೇ ರೂಪಕ್ಕೆ ತರುವುದರಿಂದ ಇದು ದೋಷವಾಗುವುದಿಲ್ಲ. ಒತ್ತಕ್ಷರವಾಗದಂತೆ ತಡೆಯುವ ಅದೃಶ್ಯ ಚಿಹ್ನೆಗಳನ್ನು ಅಳತೆಯ ಹೊತ್ತಿಗೆ ಮಾತ್ರ ತೆಗೆಯುತ್ತೇವೆ. ನಿಮಗೆ ಕೊಡುವ ಕಡತದಲ್ಲಿ ಅವು ಇರುತ್ತವೆ. ಆದರೆ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಕುಳಿತರೆ ಬಿಡುವುದಿಲ್ಲ. ‘ಅಂಕ’ ಮತ್ತು ‘ಅ೦ಕ’ ಓದಲು ಒಂದೇ, ಹುಡುಕಲು ಬೇರೆ. ಎರಡನೆಯದರಲ್ಲಿ ಇರುವುದು ಸೊನ್ನೆ. ಕಡತದಲ್ಲಿ ‘ಅಂಕ’ ಎಂದು ಹುಡುಕಿದರೆ ಅದು ಸಿಗುವುದೇ ಇಲ್ಲ. NFC ಕೂಡ ಇದನ್ನು ಸರಿಪಡಿಸುವುದಿಲ್ಲ. ಇದನ್ನು ದೋಷವೆಂದೇ ಎಣಿಸುತ್ತೇವೆ. ಓದಿ ತಪ್ಪು ಹುಡುಕುವ ಹಳೆಯ ಕ್ರಮದಲ್ಲಿ ಇದನ್ನು ಯಾರೂ ಹಿಡಿಯಲಾರರು. ಅಲ್ಪವಿರಾಮ, ಪೂರ್ಣವಿರಾಮಗಳು ಅಕ್ಷರಗಳ ಲೆಕ್ಕದಲ್ಲಿ ಇರುತ್ತವೆ, ಪದಗಳ ಲೆಕ್ಕದಲ್ಲಿ ಇರುವುದಿಲ್ಲ.

ಹಲವು ಪುಟಗಳ ಅಂಕಿಯನ್ನು ಒಂದುಗೂಡಿಸುವಾಗ ಪುಟವಾರು ಶೇಕಡಾಗಳ ಸರಾಸರಿ ತೆಗೆಯುವುದಿಲ್ಲ. 2000 ಚಿಹ್ನೆಗಳ ಪುಟದಲ್ಲಿ 20 ದೋಷ, 100 ಚಿಹ್ನೆಗಳ ಮುಖಪುಟದಲ್ಲಿ 10 ದೋಷ ಇದ್ದರೆ ಸರಾಸರಿ ಶೇಕಡಾ 5.5 ಎನ್ನುತ್ತದೆ. ನಿಜಕ್ಕೂ ಇರುವುದು 2100ಕ್ಕೆ 30, ಅಂದರೆ 1.4. ನಾವು ಕೊಡುವುದು ಈ ಎರಡನೆಯದು.

ಈ ಅಳತೆಗೆ ಒಂದು ಕುರುಡು ಜಾಗ ಇದೆ. 1947 ಎಂಬುದು 1974 ಆದರೆ ಎರಡು ಅಕ್ಷರ ದೋಷ, ಒಂದು ಪದ ದೋಷ. ‘ಆದರೆ’ ಎಂಬುದು ‘ಅದರಿ’ ಆದರೂ ಅಷ್ಟೇ. ಎರಡನೆಯದನ್ನು ಓದುಗರು ತಾವೇ ಸರಿಮಾಡಿಕೊಳ್ಳುತ್ತಾರೆ. ಮೊದಲನೆಯದು ಯಾರಿಗೂ ತಿಳಿಯದಂತೆ ಉಳಿದುಬಿಡುತ್ತದೆ. ಹಾಗಾಗಿ ಆರಿಸಿದ ಪುಟಗಳ ಇಸವಿ, ಮೊತ್ತ, ವ್ಯಕ್ತಿ ಮತ್ತು ಸ್ಥಳಗಳ ಹೆಸರುಗಳಲ್ಲಿ ಸಿಕ್ಕ ದೋಷಗಳನ್ನು ಪ್ರಮಾಣದ ಲೆಕ್ಕಕ್ಕೆ ಸೇರಿಸುವುದರ ಜೊತೆಗೆ ಪ್ರತ್ಯೇಕ ಪಟ್ಟಿಯಾಗಿಯೂ ಕೊಡುತ್ತೇವೆ. ಲೆಕ್ಕದ ಪುಸ್ತಕ ಅಥವಾ ವಂಶಾವಳಿಯಂಥ ಕೆಲಸ ನಿಮ್ಮದಾದರೆ ಮೊದಲು ಆ ಪಟ್ಟಿಯನ್ನು ನೋಡಿ, ಶೇಕಡಾವನ್ನು ಆಮೇಲೆ ನೋಡಿದರಾಯಿತು.

ಈಗಾಗಲೇ ಒಪ್ಪಿಸಿರುವ ಕೆಲಸಗಳ ಹಳೆಯ ವರದಿಗಳು ಹಾಗೆಯೇ ಇರುತ್ತವೆ. ಹೊಸ ಅಂಕಿಗಳನ್ನು ಅವುಗಳೊಂದಿಗೆ ಹೋಲಿಸಬೇಡಿ, ಎಣಿಸಿದ ರೀತಿಯೇ ಬೇರೆ. ಹಳೆಯ ಕೆಲಸವೊಂದನ್ನು ಹೊಸ ಕ್ರಮದಲ್ಲಿ ಅಳೆಯಬೇಕೆಂದರೆ ಕೆಲಸದ ಸಂಖ್ಯೆ ತಿಳಿಸಿ. ಕೆಲವು ಪುಟಗಳ ಟೈಪ್ ಮಾಡಿದ ಪ್ರತಿ ನಿಮ್ಮಲ್ಲೇ ಇದ್ದರೆ, ಕಾಗುಣಿತ ತಿದ್ದದೆ ಮೂಲವಿದ್ದಂತೆಯೇ ಟೈಪ್ ಆಗಿದ್ದ ಪಕ್ಷದಲ್ಲಿ, ಅದನ್ನು ಆಧಾರವಾಗಿ ಕಳುಹಿಸಬಹುದು. ಮೂಲದ ಚಿತ್ರಗಳನ್ನೂ ಜೊತೆಗೆ ಕಳುಹಿಸಿ, ಏಕೆಂದರೆ ಆಧಾರವನ್ನೂ ಒಮ್ಮೆ ಚಿತ್ರದೊಂದಿಗೆ ಹೊಂದಿಸಿ ನೋಡದೆ ನಾವು ಬಳಸುವುದಿಲ್ಲ.

ಇಂತಿ,
ಕರಡು ಪರಿಶೀಲನಾ ವಿಭಾಗದ ಪರವಾಗಿ
ಸಹಕಾರಿಯ ಕಾರ್ಯದರ್ಶಿ